ಡೀಟೇಲ್ಸ್ ಕಳ್ಸಿ, ನೋಡ್ತೀವಿ

'ಬೇಡ ಕಣ್ರೀ' ಎಂದು ಫೋನ್ ಕುಕ್ಕುವ ಗಿರಾಕಿಗಳ ಹೊಟ್ಟೆ ತಣ್ಣಗಿರಲಿ. ಅವರಿಂದ ನನಗೆ ತೊಂದರೆಯಾಗಿಲ್ಲ. ನನ್ನ ನಿದ್ದೆಗೆಡಿಸಿದವರೆಲ್ಲ ತುಂಬ ಮೃದುವಾಗಿ 'ಒಂಚೂರು ಡೀಟೇಲ್ಸ್ ಕಳ್ಸಿ, ನೋಡ್ತೀವಿ' ಎಂದವರೇ. ವಿಮೆಯೋ ಸೈಟೋ ಚೀಟಿಯೋ, ಏನನ್ನಾದರೂ ಮಾರಲು ಹೊರಟ ನಿಮಗೂ ಈ ಮಾತು ಕಿವಿಗೆ ಬಿದ್ದೇ ಇರುತ್ತದೆ. ನೀವೂ ನನ್ನ ಹಾಗೆ 'ಅರ್ಧ ಆರ್ಡರ್ ಆದಂಗೇ' ಎಂದು ಮನೆಗೆ ಮೈಸೂರುಪಾಕು ಕಟ್ಟಿಸಿಕೊಂಡು ಹೋಗಿರುತ್ತೀರಿ.

ನಾನು ಮಾರುವುದು ಮೈಸೂರಿನ ತಾರಸಿಗಳಿಗೆ ಸೋಲಾರ್. ಮೊದಲು ಡೀಟೇಲ್ಸ್ ಕೇಳಿದವರು ಒಬ್ಬ ನಿವೃತ್ತ ಮೇಷ್ಟ್ರು. ಕೇಳಿದವರಿಗೆ ಇಲ್ಲವೆನ್ನಬಾರದೆಂದು ಕಂಪನಿಯ ಬಣ್ಣದ ಪುಸ್ತಕ, ಪ್ಯಾನೆಲ್ಲಿನ ತಾಂತ್ರಿಕ ವಿವರ, ವಾರಂಟಿ ಪತ್ರ, ಸಬ್ಸಿಡಿ ಸುತ್ತೋಲೆ, ಇನ್ವರ್ಟರ್ ಕೈಪಿಡಿ ಎಲ್ಲವನ್ನೂ ಒಂದೇ ಉಸಿರಿಗೆ ವಾಟ್ಸಾಪ್ ಮಾಡಿದೆ. ಕೈಪಿಡಿಯ ಅರ್ಧ ಚೀನೀ ಭಾಷೆಯಲ್ಲಿತ್ತೆಂದು ತಿಳಿದದ್ದು ಆಮೇಲೆ. ಮೇಷ್ಟ್ರ ಫೋನಿನಲ್ಲಿ ಜಾಗ ತುಂಬಿ, ಮೊಮ್ಮಗಳ ನಾಮಕರಣದ ವಿಡಿಯೊ ಇಳಿಯದೇ ನಿಂತಿತಂತೆ. 'ನಿಧಾನವಾಗಿ ಓದಿ ಹೇಳ್ತೀನಪ್ಪಾ' ಎಂದರು. ಅಲ್ಲಿಗೆ ಮುಗಿಯಿತು. ಇಡೀ ಕೆಲಸವನ್ನು ಅವರ ತಲೆಗೆ ಕಟ್ಟಿದ್ದೆ, ಮತ್ತೆ ಫೋನ್ ಮಾಡಲು ನನ್ನ ಹತ್ತಿರ ಒಂದು ನೆಪವನ್ನೂ ಉಳಿಸಿಕೊಂಡಿರಲಿಲ್ಲ.

ನೆಪವಿಲ್ಲದಿದ್ದರೇನು, ಬೆಳಗ್ಗೆ ಇಲ್ಲವೇ? ಮುಂದಿನ ಗಿರಾಕಿಗೆ ದಿನವೂ ಗುಲಾಬಿ ಹೂವಿನ ಶುಭೋದಯ ಕಳಿಸಿ, ಕೆಳಗೆ 'ನೋಡಿದ್ರಾ ಸಾರ್?' ಎಂದು ಬರೆದೆ. ನೀಲಿ ಗೆರೆ ಬೀಳುತ್ತಿತ್ತು, ಉತ್ತರ ಬೀಳುತ್ತಿರಲಿಲ್ಲ. ಒಂದು ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಅದೇ ಗುಲಾಬಿ, ಅದೇ ಪ್ರಶ್ನೆಯನ್ನು ನನ್ನ ಮಾವನವರಿಗೆ ಕಳಿಸಿಬಿಟ್ಟೆ. ಅವರು ಹಿಂದಿನ ದಿನ ನನ್ನ ಭಾವಮೈದುನನಿಗೊಂದು ಹೆಣ್ಣು ನೋಡಿಕೊಂಡು ಬಂದಿದ್ದರು. ತಕ್ಷಣ ಉತ್ತರ ಬಂತು, ಮೂರು ಪುಟ. ನನ್ನ ವೃತ್ತಿಜೀವನದಲ್ಲಿ ಆ ಪ್ರಶ್ನೆಗೆ ಸಿಕ್ಕ ಏಕೈಕ ಪ್ರತಿಕ್ರಿಯೆ ಅದು.

ಇದನ್ನೂ ಮೀರಿಸಿದ್ದು ಕುವೆಂಪುನಗರದ ಮನೆ. ಅಲ್ಲಿನ ಯಜಮಾನರು ಪ್ರತಿಸಲವೂ 'ಇನ್ನೂ ಡೀಟೇಲ್ಸ್ ಇದ್ರೆ ಕಳ್ಸಿ' ಅನ್ನುವರು. ನಾನು ಹುಮ್ಮಸ್ಸಿನಿಂದ ಉಳಿತಾಯದ ಪಟ್ಟಿ ಮಾಡಿದೆ, ಬಣ್ಣದ ಗ್ರಾಫ್ ಬರೆಸಿದೆ, ಕೊನೆಗೆ ಅವರ ಮನೆಯ ಚಿತ್ರದ ಮೇಲೇ ಪ್ಯಾನೆಲ್ ಕೂರಿಸಿ ಕಳಿಸಿದೆ. ಇಷ್ಟೆಲ್ಲ ಆದಮೇಲೆ ಒಂದು ದಿನ ಸುಮ್ಮನೆ ಮಾತಿಗೆ, 'ಕರೆಂಟ್ ಬಿಲ್ ಎಷ್ಟು ಬರುತ್ತೆ ಸಾರ್?' ಎಂದೆ.

'ಸೊನ್ನೆ' ಅಂದರು. ಗೃಹಜ್ಯೋತಿ! 2023ರಿಂದ ತಿಂಗಳಿಗೆ 200 ಯೂನಿಟ್ ಒಳಗೆ, ತಮ್ಮ ಸರಾಸರಿ ಮಿತಿಯಲ್ಲಿ ಬಳಸುವ ಮನೆಗಳಿಗೆ ಬಿಲ್ಲೇ ಇಲ್ಲ. ಸೊನ್ನೆ ರೂಪಾಯಿ ಬಿಲ್ಲಿನಲ್ಲಿ ಎಷ್ಟು ಉಳಿಯುತ್ತದೆ ಎಂದು ನಾನು ಬಣ್ಣಬಣ್ಣದಲ್ಲಿ ತೋರಿಸುತ್ತಾ ಬಂದಿದ್ದೆ. ಪಾಪ, ಅವರು ದಾಕ್ಷಿಣ್ಯಕ್ಕೆ ಎಲ್ಲವನ್ನೂ ನೋಡಿದ್ದರು. ಗ್ರಾಫ್ ಚೆನ್ನಾಗಿದೆ ಎಂದೂ ಹೇಳಿದರು.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. 'ಡೀಟೇಲ್ಸ್ ಕಳ್ಸಿ' ಎಂದರೆ ಫೋನ್ ಇಡುವ ಮುಂಚೆಯೇ, 'ಖಂಡಿತ ಕಳಿಸ್ತೀನಿ. ನಿಮಗೆ ಮುಖ್ಯ ಯಾವುದು ಸಾರ್, ಖರ್ಚೋ, ಸಬ್ಸಿಡಿಯೋ, ತಾರಸಿ ಜಾಗವೋ?' ಎಂದು ಕೇಳುವುದು. ನಿಜವಾಗಿ ಯೋಚಿಸುತ್ತಿರುವವರು ಯಾವುದಾದರೂ ಒಂದನ್ನು ಹಿಡಿದುಕೊಳ್ಳುತ್ತಾರೆ. 'ಏನಾದ್ರೂ ಕಳ್ಸಿ' ಎಂದರೆ ಸಾಮಾನ್ಯವಾಗಿ ಅದು ಮರ್ಯಾದಸ್ಥರ 'ಬೇಡ'. ಅಂಥವರಿಗೆ ಒಂದು ಪುಟ ಕಳಿಸಿ, ಮನಸ್ಸಾದರೆ ತಿಳಿಸಿ ಎಂದು ನಮಸ್ಕಾರ ಹೇಳಿದರೆ ಇಬ್ಬರಿಗೂ ಕ್ಷೇಮ.

ಸರಸ್ವತಿಪುರಂನ ಒಬ್ಬರು 'ಖರ್ಚು' ಎಂದರು. ಬಿಲ್ಲಿನ ಫೋಟೊ ತರಿಸಿಕೊಂಡೆ, ಸುಮಾರು 350 ಯೂನಿಟ್ ಇತ್ತು. ಕೈ ತುರಿಸಿತು. ಆ ಬಣ್ಣದ ಪುಸ್ತಕ ಫೋನಿನೊಳಗಿಂದ ನನ್ನನ್ನೇ ನೋಡುತ್ತಿತ್ತು. ಹೆಂಡತಿ ಕೈಗೆ ಫೋನ್ ಕೊಟ್ಟು ಒಂದು ಲೋಟ ಕಾಫಿ ಕುಡಿದು ಬಂದು ಇಷ್ಟೇ ಬರೆದೆ:

'ಸಾರ್, ನಿಮ್ಮ ಬಳಕೆಗೆ 3 ಕಿಲೋವ್ಯಾಟ್ ಸಾಕು. ನೆರಳಿಲ್ಲದಿದ್ದರೆ ದಿನಕ್ಕೆ ಸರಾಸರಿ 12 ಯೂನಿಟ್, ತಿಂಗಳಿಗೆ 360ರ ಆಸುಪಾಸು ಬರುತ್ತೆ. ತಾರಸಿಯಲ್ಲಿ ಸುಮಾರು 300 ಚದರಡಿ ಬೇಕು. ಖರ್ಚು ಸುಮಾರು 2 ಲಕ್ಷ. ಪಿಎಂ ಸೂರ್ಯಘರ್ ಸಬ್ಸಿಡಿ 78,000 ರೂಪಾಯಿ, ಆದರೆ ಅದು ಕೆಲಸವೆಲ್ಲ ಮುಗಿದಮೇಲೆ ನಿಮ್ಮ ಖಾತೆಗೇ ಬರೋದು, ಮೊದಲು ಪೂರ್ತಿ ದುಡ್ಡು ನೀವೇ ಹೊಂದಿಸಬೇಕು. ತಾರಸಿ ಮೇಲೆ ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತೆ ಅಂತ ನೋಡದೆ ಪಕ್ಕಾ ರೇಟು ಹೇಳೋಕಾಗಲ್ಲ. ಶನಿವಾರ ಹತ್ತು ಗಂಟೆಗೆ ಬರಲಾ, ಭಾನುವಾರ ಬರಲಾ?'

ಸಬ್ಸಿಡಿಯ ಆ 'ಆದರೆ' ಬರೆಯುವಾಗ ಬೆರಳು ನಡುಗಿತು. ಹಿಂದೆಲ್ಲ ಅದನ್ನು ಪುಸ್ತಕದ ಹಿಂಬದಿ ಪುಟಕ್ಕೆ ಬಿಡುತ್ತಿದ್ದೆ. ಕೊನೆ ಗಳಿಗೆಯಲ್ಲಿ ಅದು ಹೊರಬಿದ್ದು, ಆಗಿಯೇ ಹೋಯಿತೆಂದುಕೊಂಡ ಆರ್ಡರನ್ನು ನುಂಗಿಹಾಕುತ್ತಿತ್ತು. ಈ ಸಲ ಉತ್ತರ ಅರ್ಧ ಗಂಟೆಯಲ್ಲೇ ಬಂತು: 'ದುಡ್ಡಿಂದೇನೂ ತೊಂದರೆ ಇಲ್ಲ. ಆದ್ರೆ ನಮ್ಮನೆಯವರು ಕೇಳ್ತಿದಾರೆ, ಸಂಡಿಗೆ ಎಲ್ಲಿ ಒಣಗಿಸೋದು?'

ನೋಡಿ, ಇದು ಯಾವ ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲ. ನಾನು ಎಲ್ಲವನ್ನೂ ಕಳಿಸಿದ್ದರೆ ಈ ಪ್ರಶ್ನೆ ಅದರಡಿಯಲ್ಲಿ ಹೂತುಹೋಗಿ, ನಾನು ಇವತ್ತಿಗೂ ಗುಲಾಬಿ ಕಳಿಸುತ್ತಾ ಇರುತ್ತಿದ್ದೆ. ಖುಷಿಯಲ್ಲಿ ನೆಟ್ಟಗೆ ಫೋನ್ ಮಾಡಿ, ಫೋನ್ ತೆಗೆದುಕೊಂಡ ಆ ತಾಯಿಗೇ ಭರವಸೆ ಕೊಟ್ಟೆ: 'ಅಮ್ಮಾ, ಯೋಚನೆ ಮಾಡ್ಬೇಡಿ. ಪ್ಯಾನೆಲ್ಲನ್ನ ಎಂಟಡಿ ಎತ್ತರದ ಫ್ರೇಮ್ ಮೇಲೆ ಕೂರಿಸ್ತೀವಿ. ಅದರ ಕೆಳಗೆ ಆರಾಮಾಗಿ ಒಣಗಿಸ್ಕೊಳ್ಳಿ.'

ಆ ಕಡೆ ಒಂದು ಕ್ಷಣ ಮೌನ. 'ನೆರಳಲ್ಲಿ ಸಂಡಿಗೆ ಒಣಗುತ್ತೇನಪ್ಪಾ?'

ಬಿಸಿಲನ್ನೇ ನಂಬಿ ಬದುಕುವವನು ನಾನು! ಟ್ಯಾಂಕಿನ ಒಂದು ತುಂಡು ನೆರಳು ಬಿದ್ದರೂ ಒಂದಕ್ಕೊಂದು ಜೋಡಿಸಿದ ಪ್ಯಾನೆಲ್ಲುಗಳ ಇಡೀ ಸಾಲೇ ಸೊರಗಬಹುದೆಂದು ಊರಿಗೆಲ್ಲ ಪಾಠ ಹೇಳುವವನು, ಸಂಡಿಗೆಗೆ ಮಾತ್ರ ನೆರಳಿನ ಗತಿ ಕಾಣಿಸಿದ್ದೆ. ತೊದಲುತ್ತಾ, ದಕ್ಷಿಣದ ಪಕ್ಕದಲ್ಲಿ ಪ್ಯಾನೆಲ್, ಪೂರ್ವದ ಪಕ್ಕ ಪೂರ್ತಿ ಸಂಡಿಗೆಗೆ ಎಂದು ರಾಜಿ ಮಾಡಿಕೊಂಡೆ. ಅದನ್ನೂ ಒಂದೇ ಒಂದು ಸಾಲಿನಲ್ಲಿ ಬರೆದು ಕಳಿಸಿದೆ, ಜೊತೆಗೆ ಏನನ್ನೂ ಲಗತ್ತಿಸದೆ. ನನ್ನ ಸಂಯಮಕ್ಕೆ ನಾನೇ ಬೆರಗಾದೆ.

ಶನಿವಾರ ಟೇಪು, ದಿಕ್ಸೂಚಿ ಹಿಡಿದು ಠೀವಿಯಿಂದ ಮೆಟ್ಟಿಲು ಹತ್ತಿದೆ. ಅಂಗೈಯಲ್ಲಿ ದಿಕ್ಸೂಚಿಯ ಮುಳ್ಳನ್ನೇ ನೋಡುತ್ತಾ, 'ಇದೇ ನೋಡಿ ಅಮ್ಮಾ ದಕ್ಷಿಣ' ಎಂದು ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟೆ. ಕಾಲಡಿ ಏನೋ ತಂಪಾಗಿ, ಮೆತ್ತಗೆ ಜಾರಿತು. ಬೆಳಗಿನ ಜಾವ ಎದ್ದು ಹಳೇ ಸೀರೆಯ ಮೇಲೆ ಹಾಕಿದ್ದ ಹಸಿ ಅರಳು ಸಂಡಿಗೆಯ ನಟ್ಟನಡುವೆ ನಾನು ಕೂತಿದ್ದೆ. ಟೇಪು ತನ್ನ ಪಾಡಿಗೆ ತಾನು ಬಿಚ್ಚಿಕೊಂಡು ಉಳಿದ ಸಂಡಿಗೆಯನ್ನೂ ಅಳೆದುಕೊಂಡು ಹೋಯಿತು.

ಆ ತಾಯಿ ದೊಡ್ಡ ಮನಸ್ಸಿನವರು. ಒದ್ದೆ ಬಟ್ಟೆ ಕೊಟ್ಟರು, ಮಜ್ಜಿಗೆ ಕೊಟ್ಟರು. ನಾನು ಪ್ಯಾಂಟು ಒರೆಸಿಕೊಳ್ಳುತ್ತಾ ಕೊಟೇಶನ್ ಬರೆಯಲು ಕೂತಾಗ ಯಜಮಾನರು ಕನ್ನಡಕ ಸರಿಮಾಡಿಕೊಂಡು, 'ಡಿಸ್ಕೌಂಟ್ ಏನಾದ್ರೂ ಇದೆಯಾ?' ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಒಳಗಿಂದ ಉತ್ತರ ಬಂತು:

'ಎರಡು ಸೇರು ಸಂಡಿಗೆದು ಮುರ್ಕೊಳ್ಳಿ ಅಂತ ಹೇಳಿ.'