ಬಂದವನಿಗೆ ಗೈರು, ಬಾರದವನಿಗೆ ಹಾಜರು

ಮಿಸ್, ಐದನೇ ಕ್ಲಾಸು ಬಿ ಸೆಕ್ಷನ್ನಿನ ನಮ್ಮ ಪುಟ್ಟನ ಜುಲೈ ಹಾಜರಿಯ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಮೇಲ್ಗಡೆ ಬ್ಯಾಟರಿ ಕೆಂಪಗಿರೋದನ್ನ ದಯವಿಟ್ಟು ನೋಡಬೇಡಿ. ಹೆಸರು, ಸೆಕ್ಷನ್, ತಿಂಗಳು ಮೂರೂ ಕಾಣೋ ಹಾಗೆ ತೆಗೆಯೋಕೆ ಹೋಗಿ ಅದೂ ಒಳಗೆ ಬಂತು. ಬರೀ ಕೆಂಪು A ಕತ್ತರಿಸಿ ಕಳಿಸಿದರೆ ಯಾರ ಮಗು, ಯಾವ ತಿಂಗಳು ಅಂತ ನೀವು ಜ್ಯೋತಿಷಿಯನ್ನ ಕೇಳಬೇಕಾಗ್ತಿತ್ತು.

ಪೋರ್ಟಲ್ ಪ್ರಕಾರ ಇವನು 9ಕ್ಕೂ 22ಕ್ಕೂ ಬಂದಿಲ್ಲ. ಅವನ ಗಣಿತದ ನೋಟಿನಲ್ಲಿ ಮಾತ್ರ ಅದೇ ಎರಡು ತಾರೀಖು ಹಾಕಿ, ಕೆಂಪು ಇಂಕಿನಲ್ಲಿ ನೀವೇ ಸಹಿ ಮಾಡಿದ್ದೀರಿ. 22ರಂದು ‘ಅಕ್ಷರ ದುಂಡಗಿರಲಿ’ ಅಂತಲೂ ಬರೆದಿದ್ದೀರಿ. ಬಾರದವನ ಅಕ್ಷರ ದುಂಡಗೆ ಹೇಗಾದೀತು, ಮಿಸ್?

ಇಷ್ಟೇ ಆಗಿದ್ದರೆ ಕೈತಪ್ಪು ಅಂತ ಸುಮ್ಮನಿರ್ತಿದ್ದೆ. ಆದರೆ 14ಕ್ಕೆ ಜ್ವರ ಬಂದು ರಗ್ಗು ಹೊದ್ದು ಮಲಗಿದ್ದ, ರಜಾಚೀಟಿ ನಿಮ್ಮ ಹತ್ತಿರವೇ ಇದೆ. ಅವತ್ತು ಪೋರ್ಟಲ್ಲಿನಲ್ಲಿ ಹಸಿರು P! ಬಂದವನಿಗೆ ಗೈರು, ಮಲಗಿದವನಿಗೆ ಹಾಜರು. ಅಂದರೆ ಇದು ಮರೆವಲ್ಲ, ಸಾಲು ತಪ್ಪಿದ್ದು.

ನನ್ನ ಪತ್ತೇದಾರಿಕೆ ಕೇಳಿ. 7ಕ್ಕೆ ಹೊಸ ಹುಡುಗ ಸೇರಿದ. ಪೋರ್ಟಲ್ಲು ಅವನನ್ನ ಅಕ್ಷರಕ್ರಮದಲ್ಲಿ ನಡುವೆ ತುರುಕಿ, ಅವನ ಕೆಳಗಿದ್ದವರನ್ನೆಲ್ಲ ಒಂದೊಂದು ನಂಬರು ಕೆಳಕ್ಕೆ ತಳ್ಳಿತು. ನಿಮ್ಮ ಹಾಜರಿ ಪುಸ್ತಕದಲ್ಲಿ ಅವನು ಕೊನೆಗೆ ಕೂತ. ಹೀಗಾಗಿ ಪುಸ್ತಕದಲ್ಲಿ 17 ಆಗಿರೋ ನಮ್ಮವನು ಪೋರ್ಟಲ್ಲಿನಲ್ಲಿ 18. ನೀವು ‘ಇವತ್ತು 18 ಇಲ್ಲ’ ಅಂತ ಚೀಟಿ ಕಳಿಸ್ತೀರಿ, ಆಫೀಸಿನವರು ಹೆಸರು ನೋಡದೆ 18ಕ್ಕೆ A ಒತ್ತುತ್ತಾರೆ. ಪುಸ್ತಕದಲ್ಲಿ 18 ಆಗಿರೋ ಬೆಂಚಿನ ಪಕ್ಕದವನು ಮದುವೆಗೆ ಹೋದರೆ ಗೈರು ನಮ್ಮ ಮನೆಗೆ. ನಮ್ಮವನ ಜ್ವರ ಪುಸ್ತಕದ ಹದಿನಾರನೆಯವನ ಲೆಕ್ಕಕ್ಕೆ. 7ಕ್ಕೆ ಮುಂಚಿನ ಹಾಜರಿಯೆಲ್ಲ ಸರಿಯಾಗೇ ಇದೆ, ಅನುಮಾನವಿದ್ದರೆ ನೋಡಿ. ‘ಅ’ದಿಂದ ಶುರುವಾಗೋ ಮಕ್ಕಳ ಮನೆಯವರಿಗೆ ಈ ಗಲಾಟೆಯ ಸುದ್ದಿಯೇ ಇಲ್ಲ, ಪುಣ್ಯವಂತರು. ಮದುವೆಗೆ ಹೋದವನ ಅಮ್ಮನೋ, ಮಗನಿಗೆ ಗೈರೇ ಇಲ್ಲ ಅಂತ ಖುಷಿಯಲ್ಲಿದ್ದಾರೆ, ಅವರಂತೂ ನಿಮಗೆ ಚೀಟಿ ಬರೆಯಲ್ಲ.

ಇದನ್ನ ಪೇರೆಂಟ್ಸ್ ಗ್ರೂಪಿಗೆ ಹಾಕಿಲ್ಲ. ಹಾಕಿದ್ದರೆ ಇಷ್ಟು ಹೊತ್ತಿಗೆ ಅರ್ಧ ಜನ ಕೈಮುಗಿದು, ಇನ್ನರ್ಧ ಜನ ಫೀಸಿನ ವಿಷಯ ಎತ್ತಿರೋರು. ನಮ್ಮವನ ಮೂರು ದಿನ ತಿದ್ದಿದರೆ ಸಾಲದು, ಹೊಸ ಹುಡುಗನ ಮತ್ತು ಪೋರ್ಟಲ್ಲಿನಲ್ಲಿ ಅವನ ಕೆಳಗಿರೋ ಎಲ್ಲರ ಜುಲೈ ಹಾಜರಿಯನ್ನೂ ಪುಸ್ತಕದ ಜೊತೆ ಹೆಸರಿಗೆ ಹೆಸರು ತಾಳೆ ನೋಡಬೇಕು. ಆಮೇಲೆ ಎರಡೂ ಕಡೆ ಒಂದೇ ನಂಬರು ಮಾಡಿಸಿ, ಇಲ್ಲದಿದ್ದರೆ ಆಗಸ್ಟಿನಲ್ಲೂ ನಮ್ಮವನು ಊರವರ ಮದುವೆಗೆಲ್ಲ ಹೋಗಿಬರ್ತಾನೆ.

ಪುಟ್ಟನದೊಂದು ಅಹವಾಲಿದೆ. 9, 22 ಸರಿ ಮಾಡಿಸಮ್ಮ, 14ರ ಸುದ್ದಿ ನಮಗ್ಯಾಕೆ ಅಂತಾನೆ. ಸಾಲು ತಪ್ಪಿದ್ದಕ್ಕೆ ಆ P ಒಂದೇ ನನ್ನ ಕೈಲಿರೋ ಗಟ್ಟಿ ಸಾಕ್ಷಿ, ಆದರೂ ಅದನ್ನೂ ತಿದ್ದಿಬಿಡಿ ಮಿಸ್. ಅವನ ಮುನಿಸು ನಾನು ನೋಡ್ಕೋತೀನಿ.