ನಾಲ್ಕಾಣೆ ಜಾಗ

ನಾಲ್ಕಾಣೆ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಯಿತು ಎಂದು ನಾನು ನಂಬಿಕೊಂಡಿದ್ದೆ. ನಿಂತಿರಲಿಲ್ಲ. ನಮ್ಮ ತೆಂಗಿನ ತೋಟದ ವಾಯವ್ಯ ಮೂಲೆಯಲ್ಲಿ ಅದು ಇನ್ನೂ ನಡೆಯುತ್ತಿತ್ತು.

ನಿವೃತ್ತಿಯ ದುಡ್ಡಿನಲ್ಲಿ ಇಪ್ಪತ್ತೆರಡು ಗುಂಟೆ ತೋಟಕ್ಕೆ ಬೇಲಿ ಹಾಕಿಸುವುದು ನನ್ನ ಹಳೆಯ ಆಸೆ. ಕಲ್ಲುಕಂಬ ಬಂದು ಬದುವಿನ ಮೇಲೆ ಮಲಗಿದ್ದವು. "ಗುಣಿ ಎಲ್ಲಿ ತೋಡಾಣ ಸಾ?" ಎಂದು ಆಳು ಕೇಳಿದ. ಅಪ್ಪ ನೆಟ್ಟ ಕತ್ತಾಳೆ ಸಾಲು ತೋರಿಸಿದೆ. ನನ್ನ ಹೆಂಡತಿ ಹಾರೆಯನ್ನೇ ಕಿತ್ತುಕೊಂಡಳು: "ಕತ್ತಾಳೆಗೇನು ಪಹಣಿ ಐತಾ? ಮೊದ್ಲು ಹದ್ದುಬಸ್ತು ಮಾಡ್ಸಿ."

ಅರ್ಜಿ ಹಾಕಿದೆ. ಕೆಲಸ ಒಬ್ಬ ಲೈಸೆನ್ಸ್ ಸರ್ವೇಯರ್ ಪಾಲಿಗೆ ಬಂತು. ಹುಡುಗ ಫೋನಿನಲ್ಲಿ ಮೊದಲು ಕೇಳಿದ್ದು ನನ್ನ ಗಡಿಯನ್ನಲ್ಲ, ಅಕ್ಕಪಕ್ಕದವರ ಹೆಸರನ್ನು. ಕ್ರಯಪತ್ರದ ಚಕ್ಕುಬಂದಿ ನೋಡಿ ಓದಿದೆ: ಪೂರ್ವಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹಳ್ಳ, ಉತ್ತರಕ್ಕೆ ಗೌಡರು, ಪಶ್ಚಿಮಕ್ಕೆ ಸಿದ್ದಪ್ಪ.

"ಸಿದ್ದಪ್ಪ ಇದಾರಾ ಮೇಷ್ಟ್ರೇ?"

"ಇಲ್ಲ. ತೀರಿಕೊಂಡು ಒಂಬತ್ತು ವರ್ಷ ಆಯ್ತು."

"ಹಾಗಾದ್ರೆ ಅವರಿಗೆ ನೋಟಿಸ್ ಕೊಟ್ಟೇನು ಪ್ರಯೋಜನ? ಈಗಿನ ಪಹಣಿ ತೆಗೆಸಿ, ಅದರಲ್ಲಿರೋ ಹೆಸರು ಹೇಳಿ. ನಾಳೆ ಯಾರಾದ್ರೂ 'ನಂಗೆ ಗೊತ್ತೇ ಇರ್ಲಿಲ್ಲ' ಅಂದ್ರೆ ನಾನು ನೆಟ್ಟ ಕಲ್ಲು ಬೆಳಗಾಗೋದ್ರೊಳಗೆ ನಡೆಯೋಕೆ ಕಲಿಯುತ್ತೆ."

ಪಹಣಿಯಲ್ಲಿ ಸಿದ್ದಪ್ಪನ ಹೆಂಡತಿ ಪುಟ್ಟಕ್ಕನ ಹೆಸರಿತ್ತು. ನೋಟಿಸಿನ ಜೊತೆಗೆ ನಾನೂ ಒಂದು ಪತ್ರ ಬರೆದು, ಸೌಹಾರ್ದ, ಸಹಬಾಳ್ವೆ ಎಲ್ಲ ತುಂಬಿ ಒಯ್ದೆ. ಪುಟ್ಟಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಗುರುವಾರ ಹತ್ಗಂಟೆಗೆ ಬರ್ಬೇಕು, ಅಷ್ಟೇ ತಾನೆ?" ಎಂದಳು. ಎರಡು ಪುಟದ ತಾತ್ಪರ್ಯ ಅಷ್ಟೇ ಇತ್ತು.

ಗುರುವಾರ ಎಲ್ಲರೂ ಬಂದರು. ಗೌಡರಂತೂ ತಮ್ಮದೇ ಟೇಪು ತಂದಿದ್ದರು. ಸರ್ವೇಯರ್ ಹಳೆಯ ಟಿಪ್ಪಣಿಯ ನಕಲು ಬಿಚ್ಚಿದ. ಅದರಲ್ಲಿ ಅಡಿಯೂ ಇಲ್ಲ, ಮೀಟರೂ ಇಲ್ಲ. ಇರುವುದು ಸರಪಳಿ ಮತ್ತು ಆಣೆ. ಮೂವತ್ತಮೂರು ಅಡಿಗೆ ಒಂದು ಸರಪಳಿ, ಸರಪಳಿಗೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನಮ್ಮ ತೋಟ ಉದ್ದ ಐದು ಸರಪಳಿ ಎಂಟಾಣೆ, ಅಗಲ ನಾಲ್ಕು ಸರಪಳಿ. ಗುಣಿಸಿದರೆ ಸರಿಯಾಗಿ ಇಪ್ಪತ್ತೆರಡು.

ಅವನು ಕತ್ತಾಳೆ ಕಡೆ ತಿರುಗಿಯೂ ನೋಡಲಿಲ್ಲ. ದಾರಿ ಪಕ್ಕದ ಎರಡು ಬಾಂದುಕಲ್ಲು ಹುಡುಕಿ ನಡುವೆ ಅಳೆದ. ಟಿಪ್ಪಣಿಯ ಪ್ರಕಾರ ನೂರ ಎಂಬತ್ತೊಂದೂವರೆ ಅಡಿ ಬರಬೇಕು. ಎರಡೇ ಇಂಚು ಕಡಿಮೆ ಬಂತು. "ಈ ಎರಡು ಕಲ್ಲು ಸುಳ್ಳು ಹೇಳ್ತಿಲ್ಲ" ಎಂದ. ನೈಋತ್ಯದ ಕಲ್ಲೂ ಲೆಕ್ಕಕ್ಕೆ ಕೂತಿತು. ವಾಯವ್ಯದ್ದು ಮಾತ್ರ ನಾಪತ್ತೆ.

ನಾನು ಪುಟ್ಟಕ್ಕನನ್ನು ಅರ್ಥಗರ್ಭಿತವಾಗಿ ನೋಡಿದೆ. ನನ್ನ ಹೆಂಡತಿ ನನ್ನ ಕಿವಿಯಲ್ಲಿ, "ಸುಮ್ನಿರಿ, ಮಾವ ತಂದು ಹಾಕಿದ್ದ ಬಟ್ಟೆ ಒಗೆಯೋ ಕಲ್ಲಿನ ತಲೆ ಮೇಲೆ ಕೂಡುಗೆರೆ ಐತೆ" ಎಂದಳು. ಮೂವತ್ತು ವರ್ಷದಿಂದ ನನ್ನ ಪಂಚೆಗಳು ಸರ್ಕಾರಿ ಗುರುತಿನ ಮೇಲೆ ಬಿಳುಪಾಗುತ್ತಿದ್ದವು.

ಕಲ್ಲು ಹೋದರೂ ಜಾಗ ಹೋಗುವುದಿಲ್ಲ. ಈಶಾನ್ಯದ ಕಲ್ಲಿನಿಂದ ನಾಲ್ಕು ಸರಪಳಿ, ನೈಋತ್ಯದ ಕಲ್ಲಿನಿಂದ ಐದು ಸರಪಳಿ ಎಂಟಾಣೆ. ಎರಡೂ ಅಳತೆ ಎಲ್ಲಿ ಕೂಡುತ್ತವೋ ಅಲ್ಲೇ ಮೂಲೆ. ಹುಡುಗ ಅಲ್ಲಿ ಗೂಟ ಹೊಡೆದ. ಗೂಟ ಬಿದ್ದದ್ದು ಕತ್ತಾಳೆಯಿಂದ ನಮ್ಮ ಕಡೆಗೆ, ಎಂಟಡಿ ಮೂರು ಇಂಚು ಒಳಗೆ.

"ಅಂದ್ರೆ?" ಎಂದೆ.

"ನಾಲ್ಕಾಣೆ ಮೇಷ್ಟ್ರೇ. ಆ ತುದಿಯಿಂದ ಸೊನ್ನೆಗೆ ಇಳಿಯುತ್ತೆ. ಒಟ್ಟು ಹನ್ನೊಂದಾಣೆ ಜಾಗ, ಮುಕ್ಕಾಲು ಗುಂಟೆಗೆ ಒಂದಾಣೆ ಕಮ್ಮಿ, ನೀವು ಅವರದ್ದು ಉಳ್ತಾ ಇದೀರ."

ಗೌಡರು ತಮ್ಮ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ತಮ್ಮ ಗಡಿ ಅಳೆಸುವ ಉತ್ಸಾಹ ಅವರಿಗೆ ಹಠಾತ್ತನೆ ಇಳಿದಿತ್ತು. ನಾನು ಕೊನೆಯ ಅಸ್ತ್ರ ಬಿಟ್ಟೆ: "ಅಪ್ಪನ ಕಾಲದಿಂದ ಅನುಭವದಲ್ಲಿದೆಯಲ್ಲಪ್ಪ?"

"ಅದನ್ನ ಕೋರ್ಟು ಹೇಳ್ಬೇಕು. ಗಡಿ ತೋರಿಸೋದು ನನ್ನ ಕೆಲಸ, ಬಿಡಿಸಿಕೊಡೋದಲ್ಲ" ಎಂದು ಮಹಜರು ಬರೆದು ಎಲ್ಲರಿಂದ ಸಹಿ ಹಾಕಿಸಿದ. ಪುಟ್ಟಕ್ಕ ಹೆಬ್ಬೆಟ್ಟು ಒತ್ತಿದಳು. ಎಲ್ಲರನ್ನೂ ಕರೆದು ನಿಲ್ಲಿಸಿದವನು ನಾನೇ ಆದ್ದರಿಂದ ನನಗೂ ಸಹಿ ಹಾಕದೆ ದಾರಿಯಿರಲಿಲ್ಲ.

ಮರುದಿನ ಗೂಟದ ಜಾಗದಲ್ಲಿ ಗುಣಿ ತೋಡಿ, ಒಗೆಯುವ ಕಲ್ಲನ್ನೇ ಹೊತ್ತು ತಂದು ನೆಟ್ಟೆವು. ಸೋಪಿನ ವಾಸನೆ ಇನ್ನೂ ಹೋಗಿರಲಿಲ್ಲ. ಪುಟ್ಟಕ್ಕ ಬದುವಿನ ಮೇಲೆ ನಿಂತು ಎಲೆಯಡಿಕೆ ಅಗಿಯುತ್ತ ನೋಡುತ್ತಿದ್ದಳು.

"ಮೇಷ್ಟ್ರೇ, ನಾಲ್ಕಾಣೆ ಬಂತು. ಇಷ್ಟು ವರ್ಷದ ಬಡ್ಡಿಗೆ ಬ್ಯಾರೆ ಅರ್ಜಿ ಹಾಕ್ಬೇಕಾ?"

ನನ್ನ ಹೆಂಡತಿ ಒಂದು ಗೊನೆ ಎಳನೀರು ಇಳಿಸಿ ಕಳಿಸಿದಳು. ಗೊನೆ ಯಾವ ಮರದ್ದೆಂದು ನಾನು ಕೇಳಲಿಲ್ಲ. ಆ ಮೂಲೆಯ ಮರವಾಗಿದ್ದರೆ ಪುಟ್ಟಕ್ಕನ ಬಡ್ಡಿಯನ್ನು ಪುಟ್ಟಕ್ಕನ ದುಡ್ಡಿನಲ್ಲೇ ಕಟ್ಟಿದ ಹಾಗಾಗುತ್ತಿತ್ತು.