ಬನ್ನಿಯ ಕಡ್ಡಿ

ನಾನೂ ನಮ್ಮ ಎದುರುಮನೆಯ ಮಾಸ್ತರರೂ ಮಾತು ಬಿಟ್ಟುದು ಒಂದು ಕೊಡೆಯ ಕಡ್ಡಿಯ ನಿಮಿತ್ತವಾಗಿ ಎಂದರೆ, ಧಾರವಾಡದ ಶ್ರಾವಣದ ಮಳೆಯಲ್ಲಿ ನೆನೆದವರಾರೂ ನಗಲಾರರು. ಅವರಿಂದ ಎರವಲು ತಂದ ಕೊಡೆಯನ್ನು ನಾನು ಹಿಂದಿರುಗಿಸಿದಾಗ ಅದರ ಎಂಟು ಕಡ್ಡಿಗಳಲ್ಲಿ ಒಂದು ಮುರಿದಿತ್ತು. ಮೊದಲೇ ಮುರಿದಿತ್ತೆಂದು ನಾನೆಂದೆ, ನೀವೇ ಮುರಿದಿರೆಂದು ಅವರೆಂದರು, ಕಡ್ಡಿ ಗುಡ್ಡವಾಯಿತು, ಗುಡ್ಡದ ಆಚೆ ಅವರು, ಈಚೆ ನಾನು, ನಡುವೆ ಎರಡು ತಿಂಗಳ ಮೌನ.

ಆ ಮೌನವನ್ನು ಮುರಿಯಬೇಕೆಂಬ ಇಚ್ಛೆ ನನ್ನಲ್ಲಿ ಮೊದಲ ವಾರದಲ್ಲಿಯೇ ಅಂಕುರಿಸಿತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಅವರ ಮನೆಯ ಪತ್ರಿಕೆಯನ್ನು ಓದದೆ ನನಗೆ ಚಹಾ ರುಚಿಸುತ್ತಿರಲಿಲ್ಲ. ಆದರೆ ಯಾವ ಮಾತಿನಿಂದ ಆರಂಭಿಸುವುದು? 'ಏನ್ರೀ, ಕಾಣಲೇ ಇಲ್ಲಲ್ಲ' ಎಂದರೆ, ಕಾಣದಿದ್ದುದಕ್ಕೆ ಕಾರಣವೇನೆಂಬ ವಿಚಾರ ಅದರ ಬೆನ್ನಿಗೇ ಬರುತ್ತದೆ. 'ಆರಾಮ ಇದ್ದೀರೇನ್ರಿ' ಎಂದರೆ, 'ನೀವು ಇರಗೊಟ್ಟರಲ್ಲ' ಎಂಬ ಉತ್ತರಕ್ಕೆ ಬಾಗಿಲು ತೆರೆದಂತೆ. 'ಮಳಿ ಭಾಳ ಆತು' ಎಂಬುದು ಲೋಕದಲ್ಲೆಲ್ಲ ಪರಮನಿರಪರಾಧಿಯಾದ ಮಾತು. ನಮ್ಮ ಪ್ರಕರಣದಲ್ಲಿ ಮಾತ್ರ ಅದು ಸಾಕ್ಷಾತ್ ಆರೋಪಪತ್ರ. ಸಂಕ್ರಾಂತಿಯವರೆಗೆ ಕಾಯೋಣವೆಂದರೆ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿರೆಂಬ ಮೈಸೂರು ಸೀಮೆಯವರ ವಚನದಲ್ಲಿ, ಇದುವರೆಗೆ ನೀವು ಆಡಿದ್ದು ಕೆಟ್ಟ ಮಾತೆಂಬ ಧ್ವನಿ ಬೆಲ್ಲದೊಳಗಿನ ಕಲ್ಲಿನಂತೆ ಅಡಗಿದೆ.

ನಮ್ಮ ದಸರೆಯ ಮಾತು ಹಾಗಲ್ಲ. 'ಬನ್ನಿ ತೊಗೊಂಡು ಬಂಗಾರಧಂಗ ಇರೋಣು' ಎಂಬ ವಾಕ್ಯವನ್ನು ಯಾವ ವಕೀಲನಾದರೂ ಶೋಧಿಸಿ ನೋಡಲಿ, ಅದರಲ್ಲಿ ಜಗಳಕ್ಕೆ ಎಡೆಗೊಡುವ ಒಂದಕ್ಷರವೂ ಸಿಕ್ಕದು. ನಾನೆಂಬುದಿಲ್ಲ, ನೀವೆಂಬುದಿಲ್ಲ, ಆದುದರ ಸೊಲ್ಲಿಲ್ಲ, ಇನ್ನು ಮೇಲಿನದೇ ಎಲ್ಲ. ಉತ್ತರವನ್ನೂ ಹುಡುಕಬೇಕಾಗಿಲ್ಲ, ಅದೇ ವಾಕ್ಯವನ್ನು ತಿರುಗಿ ಹೇಳಿದರಾಯಿತು. ಅಲ್ಲದೆ ಅಂದು ಸಂಜೆ ಓಣಿಯವರೆಲ್ಲರೂ ಓಣಿಯವರೆಲ್ಲರಿಗೂ ಬನ್ನಿ ಕೊಡುತ್ತಿರುವಾಗ, ಯಾರು ಯಾರಿಗೆ ಸೋತರೆಂದು ಲೆಕ್ಕವಿಡುವವರಾದರೂ ಯಾರು? ಪಾಂಡವರು ತಮ್ಮ ಆಯುಧಗಳನ್ನೆಲ್ಲ ಬಚ್ಚಿಟ್ಟ ಮರದ ಎಲೆಯನ್ನೇ ಸಂಧಾನಕ್ಕೆ ಆರಿಸಿದ ನಮ್ಮ ಹಿರಿಯರು ಸಾಮಾನ್ಯರಲ್ಲ.

ನನ್ನ ತಂದೆಯೂ ದೊಡ್ಡಪ್ಪನೂ ಹೊಲದ ಬದುವಿಗಾಗಿ ಮಾತು ಬಿಟ್ಟವರು. ಪ್ರತಿ ದಸರೆಯಲ್ಲಿಯೂ ತಂದೆಯವರು ತಾಟಿನಲ್ಲಿ ಒಂದು ಹಿಡಿ ಬನ್ನಿಯನ್ನು ಬೇರೆ ತೆಗೆದಿಟ್ಟು, ಅಣ್ಣನೇ ಬರಲೆಂದು ರಾತ್ರಿಯವರೆಗೆ ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಕಿರಿಯನಾದವನು ತಾನೇ ಹೋಗಿ ಕಾಲು ಮುಟ್ಟಬೇಕೆಂಬುದು ಅವರಿಗೆ ತಿಳಿಯದ್ದಲ್ಲ. ಒಂದು ಭಾದ್ರಪದದಲ್ಲಿ ದೊಡ್ಡಪ್ಪ ತೀರಿಕೊಂಡ. ಮರುವರ್ಷದಿಂದ ತಾಟಿನಲ್ಲಿ ಆ ಹಿಡಿ ಇರಲಿಲ್ಲ.

ಇದನ್ನು ನೆನೆದೇ ನಾನು ವಿಜಯದಶಮಿಯಂದು, ಮಾಸ್ತರರು ನನಗಿಂತ ಹಿರಿಯರಾದುದರಿಂದ ಹೋಗತಕ್ಕವನು ನಾನೇ ಎಂದು ನಿಶ್ಚಯಿಸಿ, ಊರ ಹೊರಗಿನ ಗಿಡದಿಂದ ಒಂದು ಸೊಂಪಾದ ಟೊಂಗೆಯನ್ನು ಮುರಿದು ಕೋಟಿನ ಕಿಸೆಯಲ್ಲಿ ಇಟ್ಟುಕೊಂಡೆ. ಧೈರ್ಯ ಸಾಲದೆ ಮೊದಲು ಬೇರೆ ಹನ್ನೆರಡು ಮನೆಗಳನ್ನು ಸುತ್ತಿದ್ದೇ ತಪ್ಪಾಯಿತು. ಬನ್ನಿಯ ಎಲೆ ಹುಣಿಸೆಯ ಎಲೆಯಂತೆ ಪುಟ್ಟದು, ಬಾಡಿದರೆ ಉದುರಿಬಿಡುತ್ತದೆ. ಮಾಸ್ತರರ ಪಡಸಾಲೆಯಲ್ಲಿ ನಿಂತು, ಬಾಯಲ್ಲಿ ಮಂತ್ರವನ್ನು ಹೇಳುತ್ತ ಕಿಸೆಯೊಳಗಿಂದ ನಾನು ಹೊರಗೆಳೆದುದು ಗೇಣುದ್ದದ ಒಂದು ಬೋಳು ಕಡ್ಡಿ! ಅದೂ ನೆಟ್ಟಗಿರದೆ, ನಡುವೆ ಮುರಿದು, ಕೊಡೆಯ ಕಡ್ಡಿ ಎಲ್ಲಿ ಬಾಗಿತ್ತೋ ಅಲ್ಲಿಯೇ ಬಾಗಿ, ಸಿಪ್ಪೆಯ ಆಧಾರದಿಂದ ಜೋತಾಡುತ್ತಿತ್ತು.

ಮಾಸ್ತರರು ಕಡ್ಡಿಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಕಡ್ಡಿಯನ್ನು ನೋಡಿದರು. ಗೋಡೆಯ ಗಡಿಯಾರ ಏಳು ಹೊಡೆಯಿತು. ಏಳನ್ನೂ ನಾನು ಎಣಿಸಿದೆ. ಚೇಷ್ಟೆಗೆಂದೇ ತಂದೆನೆಂದು ಅವರು ತಿಳಿದರೆ ಅಲ್ಲವೆಂದು ಸಾಧಿಸಲು ನನ್ನಲ್ಲಿದ್ದ ಸಾಕ್ಷಿಯೆಂದರೆ ಕಿಸೆಯ ತಳದ ಒಣಗಿದ ಹುಡಿಯೊಂದೇ. ಅಷ್ಟರಲ್ಲಿ ಅವರ ಬಾಯಿ ತೆರೆದು ಗಂಟಲಿನಿಂದ ಒಂದು ಕಕಾರ ಹೊರಟಿತು. ಕಡ್ಡಿಯೂ ಕಕಾರ, ಕೊಡೆಯೂ ಕಕಾರ, ಕಿಡಿಗೇಡಿಯೂ ಕಕಾರವೇ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಕೂಡ್ರಿ" ಎಂದರು ಮಾಸ್ತರರು.

ಆ ಬೋಳು ಕಡ್ಡಿಯನ್ನು ಎರಡೂ ಕೈಗಳಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬಂಗಾರಧಂಗ ಇರೋಣು ಎಂದರು. ನಾನು ಕಾಲು ಮುಟ್ಟಿದೆ. ಒಳಗಿನಿಂದ ತಾಟಿನ ತುಂಬ ಉಂಡಿ ಬಂದುವು. ಒಂದನ್ನು ತಿಂದು ಇನ್ನು ಏಳಬೇಕೆನ್ನುವಷ್ಟರಲ್ಲಿ ಹೊರಗೆ ಹಸ್ತದ ಮಳೆ ಧೋ ಎಂದು ಸುರಿಯತೊಡಗಿತು. ಮೂಲೆಯಲ್ಲಿ ಆ ಕೊಡೆ ನಿಂತಿತ್ತು, ಕಡ್ಡಿಗೆ ನೂಲು ಸುತ್ತಿಸಿಕೊಂಡು. ಅವರೂ ಅದನ್ನು ನೋಡಿದರು, ನಾನೂ ನೋಡಿದೆ. ಆಮೇಲೆ ಇಬ್ಬರೂ ಮಾಡಿನ ತೊಲೆಗಳನ್ನು ನೋಡಿದೆವು.

"ಇನ್ನೊಂದು ಉಂಡಿ ತೊಗೊಳ್ರಿ" ಎಂದರು.

ಮಳೆ ನಿಲ್ಲುವಷ್ಟರಲ್ಲಿ ನಾನು ಐದು ಉಂಡಿ ತಿಂದಿದ್ದೆ.